ಕಳೆದುಹೋದ 37 ಅಂಕಗಳು

ನಮ್ಮ ನಂಜನಗೂಡಿನ ಕಪಿಲೆಯ ನೀರು ಹರಿದು ಹೋಗಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ನನ್ನ ಶಿಷ್ಯೆಯೊಬ್ಬಳ ಮನೆ ಆ ಸಂಗಮದ ಊರಿನಲ್ಲಿ. ನಿವೃತ್ತನಾದ ಮೇಲೆ ನಾನು ಮನೆಯಲ್ಲಿ ನಾಲ್ಕಾರು ಮಕ್ಕಳಿಗೆ ಹತ್ತನೆಯ ತರಗತಿಯ ಗಣಿತ ಹೇಳಿಕೊಡುತ್ತಿದ್ದೇನೆ. ಆಕೆ ಪ್ರತಿ ಭಾನುವಾರ ಬಸ್ಸಿನಲ್ಲಿ ಬಂದು ಪಾಠ ಕೇಳಿ ಸಂಜೆಗೆ ಹಿಂದಿರುಗುತ್ತಿದ್ದಳು.

2025ರ ಫೆಬ್ರವರಿ 9ರ ಭಾನುವಾರ ಮಕ್ಕಳಿಗೆ ಒಂದು ಪೂರ್ಣ ಮಾದರಿ ಪ್ರಶ್ನೆಪತ್ರಿಕೆಯನ್ನು ಕೊಟ್ಟು ಬರೆಯಿಸಿದೆ. ಮಂಡಳಿಯ ಪರೀಕ್ಷೆಯ ಮಾದರಿಯಲ್ಲಿಯೇ 38 ಪ್ರಶ್ನೆಗಳು, 80 ಅಂಕಗಳು. ಓದಿಕೊಳ್ಳಲು ಕಾಲು ಗಂಟೆ, ಬರೆಯಲು ಮೂರು ಗಂಟೆ. ಎರಡು ದಿನದಲ್ಲಿ ತಿದ್ದಿಡುತ್ತೇನೆ, ಬಂದು ತೆಗೆದುಕೊಂಡು ಹೋಗು ಎಂದು ಆಕೆಗೆ ಹೇಳಿದ್ದೆ. ಆದರೆ 10ರಿಂದ 12ರವರೆಗೆ ನರಸೀಪುರದಲ್ಲಿ ಕುಂಭಮೇಳ. ಆ ಜನಸಂದಣಿಯಲ್ಲಿ ಹುಡುಗಿಯನ್ನು ಒಂಟಿಯಾಗಿ ಬಸ್ಸು ಹತ್ತಿಸಲು ಮನೆಯವರು ಒಪ್ಪಲಿಲ್ಲ. ಫಲಿತಾಂಶವನ್ನು ಫೋನಿನಲ್ಲಿಯೇ ಬರೆದು ತಿಳಿಸಬೇಕಾಯಿತು.

ಸಂಗತಿ ಸಣ್ಣದೆಂದು ತೋರಬಹುದು. ಆದರೆ ಆ ಫೋನು ಹುಡುಗಿಯದಲ್ಲ, ಅವಳ ತಂದೆಯದು. ನಾನು ಬರೆದದ್ದನ್ನು ಮೊದಲು ಓದುವವರು ಅವರು. ಬಸ್ ನಿಲ್ದಾಣದ ಬಳಿ ಅಂಗಡಿಯಿಟ್ಟುಕೊಂಡಿರುವ ಅವರು ಸಂಕ್ರಾಂತಿಯ ಹೊತ್ತಿಗೆ ನನ್ನಲ್ಲಿ ಒಂದು ಮಾತು ಹೇಳಿದ್ದರು: “ಮೇಷ್ಟ್ರೇ, ಲೆಕ್ಕ ಇವಳ ತಲೆಗೆ ಹತ್ತುವುದಿಲ್ಲವೆಂದರೆ ಈಗಲೇ ಹೇಳಿಬಿಡಿ. ಪಿಯುಸಿಗೆ ವಿಜ್ಞಾನ ಕೊಡಿಸಿ ಆಮೇಲೆ ಅಳುವುದು ಬೇಡ.” ಹುಡುಗಿಗೂ ಆ ಅನುಮಾನ ಹಿಡಿದಿತ್ತು.

ತಿದ್ದಿ ಕೂಡಿದಾಗ ಬಂದದ್ದು 43. ಇದನ್ನು ಹಾಗೆಯೇ ಬರೆದು ಕಳಿಸುವುದು ಸುಲಭ. ಹಿಂದೊಂದು ವರ್ಷ ನಾನು ಹಾಗೆಯೇ ಮಾಡಿದ್ದೆ. ಒಬ್ಬ ಹುಡುಗನಿಗೆ “80ಕ್ಕೆ 38. ಎಲ್ಲವನ್ನೂ ಇನ್ನೊಮ್ಮೆ ಚೆನ್ನಾಗಿ ಓದು” ಎಂದು ಬರೆದೆ. ಅವನು ಮಾತು ಮೀರುವವನಲ್ಲ. ಪುಸ್ತಕದ ಮೊದಲ ಪುಟದಿಂದ ಆರಂಭಿಸಿ, ಬರುತ್ತಿದ್ದ ಲೆಕ್ಕಗಳನ್ನೇ ಮತ್ತೆ ಮತ್ತೆ ಮಾಡಿ, ಬಾರದ ಅಧ್ಯಾಯಗಳನ್ನು ಮುಟ್ಟುವಷ್ಟರಲ್ಲಿ ಪರೀಕ್ಷೆ ಬಂದಿತು. ಮುಂದಿನ ಮಾದರಿ ಪತ್ರಿಕೆಯಲ್ಲಿ ಅವನಿಗೆ ಬಂದದ್ದು 39. ತಪ್ಪು ಅವನದಾಗಿರಲಿಲ್ಲ.

ಅಂದಿನಿಂದ ನಾನು ಬಂದ ಅಂಕಗಳನ್ನು ಬಿಟ್ಟು ಕಳೆದುಹೋದ ಅಂಕಗಳನ್ನು ಎಣಿಸತೊಡಗಿದೆ. ಈಕೆ ಕಳೆದುಕೊಂಡದ್ದು 37. ಉತ್ತರಪತ್ರಿಕೆಯನ್ನು ಎರಡನೆಯ ಬಾರಿ ಮುಂದಿಟ್ಟುಕೊಂಡು ಈ 37ನ್ನು ಅಧ್ಯಾಯವಾರು ವಿಂಗಡಿಸದೆ, ಕಾರಣವಾರು ಮೂರು ಗುಂಪು ಮಾಡಿದೆ. ತಿಳಿದಿದ್ದೂ ಕೈಜಾರಿದ್ದು ಒಂದು. ತಿಳಿದಿದ್ದೂ ಬರೆಯದೆ ಬಿಟ್ಟದ್ದು ಇನ್ನೊಂದು. ತಿಳಿಯದೆಯೇ ಇದ್ದದ್ದು ಮೂರನೆಯದು. ಮೊದಲನೆಯದು 11, ಎರಡನೆಯದು 12, ಮೂರನೆಯದು 14 ಆಯಿತು.

ಮೊದಲನೆಯ ಗುಂಪಿನಲ್ಲಿ ನನಗೊಂದು ಆಶ್ಚರ್ಯ ಕಾದಿತ್ತು. 2x² − 5x − 3 = 0 ಎಂಬ ವರ್ಗ ಸಮೀಕರಣವನ್ನು ಸೂತ್ರದಿಂದ ಬಿಡಿಸಬೇಕಿತ್ತು. ಸೂತ್ರವನ್ನು ಸರಿಯಾಗಿಯೇ ಬರೆದಿದ್ದಳು. ಆದರೆ b² − 4ac ಎಂಬಲ್ಲಿ c ಎಂದರೆ −3. ಅದರಿಂದ 25 + 24, ಅಂದರೆ 49 ಬರಬೇಕು. ಅವಳು 25 − 24 = 1 ಎಂದು ಬರೆದು, 3 ಮತ್ತು −1/2 ಬರಬೇಕಾದ ಮೂಲಗಳನ್ನು 3/2 ಮತ್ತು 1 ಮಾಡಿದ್ದಳು. ಇನ್ನೊಂದೆಡೆ 10, 7, 4 ಎಂದು ಇಳಿಯುವ ಸಮಾಂತರ ಶ್ರೇಢಿಯ 30ನೆಯ ಪದ ಕೇಳಿತ್ತು. 10 + 29(−3) ಎಂದರೆ −77. ಅವಳು ಬರೆದದ್ದು 97. ಮತ್ತೊಂದೆಡೆ (2, −3) ಮತ್ತು (−4, 5) ಎಂಬ ಬಿಂದುಗಳ ದೂರ. 5ರಿಂದ −3ನ್ನು ಕಳೆದರೆ 8 ಬಂದು, ದೂರ 10 ಆಗಬೇಕು. ಅವಳು 2 ಎಂದು ಬರೆದು √40ಕ್ಕೆ ನಿಂತಿದ್ದಳು.

ಅಧ್ಯಾಯಗಳು ಮೂರು, ತಪ್ಪು ಒಂದೇ. ಋಣ ಸಂಖ್ಯೆಯನ್ನು ಸೂತ್ರದೊಳಗೆ ಇಡುವಾಗ ಅವಳು ಬ್ರಾಕೆಟ್ಟು ಹಾಕುತ್ತಿರಲಿಲ್ಲ; ಒಂದು ಚಿಹ್ನೆ ದಾರಿಯಲ್ಲಿಯೇ ಉದುರಿಹೋಗುತ್ತಿತ್ತು. ಹನ್ನೊಂದರಲ್ಲಿ 7 ಅಂಕಗಳು ಹೀಗೆ ಹೋಗಿದ್ದುವು. ಅಧ್ಯಾಯವಾರು ಲೆಕ್ಕ ಹಾಕಿದ್ದರೆ ವರ್ಗ ಸಮೀಕರಣ, ಶ್ರೇಢಿ, ನಿರ್ದೇಶಾಂಕ ರೇಖಾಗಣಿತ ಮೂರನ್ನೂ ಪುನಃ ಓದೆಂದು ಹೇಳಿ ಅವಳ ಹತ್ತು ದಿನಗಳನ್ನು ಹಾಳುಮಾಡುತ್ತಿದ್ದೆ.

ಆದರೂ ಇದು ಕೈಜಾರಿದ್ದೇ, ತಿಳಿಯದ್ದೇ ಎಂಬುದನ್ನು ಉತ್ತರಪತ್ರಿಕೆಯನ್ನು ನೋಡಿ ಮಾತ್ರ ಹೇಳಲಾಗದು. ಅದೇ ಬಗೆಯ ಹೊಸ ಲೆಕ್ಕವನ್ನು, ಗಡಿಯಾರದ ಒತ್ತಡವಿಲ್ಲದೆ, ಎಚ್ಚರಿಕೆಯನ್ನೂ ಕೊಡದೆ ಮಾಡಿಸಿ ನೋಡಬೇಕು. ಆದ್ದರಿಂದ 11ರ ಸಂಜೆ ಅಂಕಗಳನ್ನು ಕಳಿಸುವ ಮೊದಲು ಎರಡು ಲೆಕ್ಕಗಳನ್ನಷ್ಟೇ ಕಳಿಸಿದೆ. 12, 8, 4 ಎಂಬ ಶ್ರೇಢಿಯ 20ನೆಯ ಪದಕ್ಕೆ −64 ಎಂಬ ಸರಿಯುತ್ತರ ಬಂದಿತು. 3x² − 2x − 5 = 0 ಎಂಬುದಕ್ಕೆ ಮಾತ್ರ “ಮೇಷ್ಟ್ರೇ, ಇದಕ್ಕೆ ವಾಸ್ತವ ಮೂಲಗಳೇ ಇಲ್ಲ” ಎಂದು ಬಂದಿತು. 4 − 60 = −56 ಎಂದುಕೊಂಡಿದ್ದಳು.

ಫೋನು ಮಾಡಿ ಕೇಳಿದೆ: “ಮಗು, ನಾಲ್ಕು ಮೂರಲಿ ಹನ್ನೆರಡು. ಅದನ್ನು ಮೈನಸ್ ಐದರಿಂದ ಗುಣಿಸಿದರೆ?”

“ಮೈನಸ್ ಅರುವತ್ತು, ಮೇಷ್ಟ್ರೇ.”

“ನಾಲ್ಕರಿಂದ ಮೈನಸ್ ಅರುವತ್ತನ್ನು ಕಳೆದರೆ?”

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲನೆ, “ಅರುವತ್ತನಾಲ್ಕು” ಎಂದಳು. ಅವಳಿಗೆ ಪ್ರತಿಯೊಂದು ಹೆಜ್ಜೆಯೂ ಗೊತ್ತು. ಎರಡು ಹೆಜ್ಜೆಗಳ ನಡುವಣ ಬ್ರಾಕೆಟ್ಟು ಮಾತ್ರ ಇಲ್ಲ. ನನ್ನ ಸಂದೇಹ ತೀರಿತು.

ಎರಡನೆಯ ಗುಂಪಿನ ಕಥೆ ಬೇರೆ. ಬಾಹ್ಯ ಬಿಂದುವಿನಿಂದ ವೃತ್ತಕ್ಕೆಳೆದ ಸ್ಪರ್ಶಕಗಳು ಸಮವೆಂಬ ಪ್ರಮೇಯದ ಸಾಧನೆಯನ್ನು ಚೆನ್ನಾಗಿ ಬರೆದಿದ್ದಳು. ಆದರೆ ದತ್ತ, ಸಾಧನೀಯ, ರಚನೆ ಎಂಬ ಮೂರು ಸಾಲುಗಳನ್ನು ಬಿಟ್ಟಿದ್ದಳು. ಮೂರು ಅಂಕದ ಪ್ರಮೇಯದಲ್ಲಿ ಆ ಸಾಲುಗಳಿಗೂ ಅರ್ಧರ್ಧ ಅಂಕವುಂಟು, ಒಂದೂವರೆ ಹೋಯಿತು. ನಕ್ಷೆಯಿಂದ ಸಮೀಕರಣಗಳ ಜೋಡಿಯನ್ನು ಬಿಡಿಸುವ ನಾಲ್ಕು ಅಂಕದ ಪ್ರಶ್ನೆಯನ್ನು ಮುಟ್ಟಿಯೇ ಇರಲಿಲ್ಲ. ಅದಕ್ಕೆ ಹಿಂದಿನ ವಾರವಷ್ಟೇ ನನ್ನೆದುರು ಅಂಥದನ್ನು ಸರಿಯಾಗಿ ಮಾಡಿದವಳು. ವೇಳೆ ಸಾಲದೆ ಹೋದದ್ದೇ ಕಾರಣ. ಪ್ರತಿ ಪುಟದ ಅಂಚಿನಲ್ಲಿ ಗಡಿಯಾರ ನೋಡಿ ಹೊತ್ತು ಬರೆಯಬೇಕೆಂದು ನಾನು ಮಕ್ಕಳಿಗೆ ಕಟ್ಟುಮಾಡಿದ್ದೇನೆ. ಅದನ್ನು ನೋಡಿದರೆ, ತ್ರಿಭುಜಗಳ ಮೂರು ಅಂಕದ ಒಂದು ಪ್ರಶ್ನೆಯಲ್ಲಿ 25 ನಿಮಿಷ ಸಿಕ್ಕಿಕೊಂಡಿದ್ದಳು. 180 ನಿಮಿಷಗಳನ್ನು 80 ಅಂಕಗಳಿಗೆ ಹಂಚಿದರೆ ಅಂಕಕ್ಕೆ ಎರಡೂಕಾಲು ನಿಮಿಷ. ಮೂರು ಅಂಕದ ಪ್ರಶ್ನೆಗೆ ಏಳು ನಿಮಿಷ ಸಲ್ಲುತ್ತದೆ.

ಆ ರಾತ್ರಿ ಊಟವಾದ ಮೇಲೆ, ತಂದೆ ಮಗಳು ಇಬ್ಬರೂ ಓದುವರೆಂಬುದನ್ನು ನೆನಪಿನಲ್ಲಿಟ್ಟುಕೊಂಡು, ಹೀಗೆ ಬರೆದೆ:

“ಮಗು, ನಿನ್ನ ಪತ್ರಿಕೆಗೆ 80ಕ್ಕೆ 43 ಬಂದಿದೆ. ಹೋದ 37ರಲ್ಲಿ 23 ನಿನಗೆ ಗೊತ್ತಿದ್ದ ಲೆಕ್ಕಗಳವು. ಗೊತ್ತಿಲ್ಲದವು 14 ಮಾತ್ರ. ಗಣಿತದ ಪರೀಕ್ಷೆ ಮಾರ್ಚ್ 24ಕ್ಕೆ. ಇನ್ನು ಸುಮಾರು 40 ದಿನ. ಮಿಕ್ಕ ಐದು ವಿಷಯಗಳೂ ಇರುವುದರಿಂದ ಗಣಿತಕ್ಕೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೇಳುವುದಿಲ್ಲ. ಈ ಕ್ರಮ ತಪ್ಪಬೇಡ.

“ಮೊದಲು, ಐದು ದಿನ ಬ್ರಾಕೆಟ್ಟು. ಸೂತ್ರದಲ್ಲಿ ಅಕ್ಷರ ತೆಗೆದು ಸಂಖ್ಯೆ ಇಡುವಾಗಲೆಲ್ಲ ಬ್ರಾಕೆಟ್ಟಿನೊಳಗೆ ಇಡು. ದಿನಕ್ಕೆ ಆರು ಲೆಕ್ಕ ಸಾಕು. ಮೂಲಗಳು ಬಂದ ಮೇಲೆ ಅವುಗಳ ಗುಣಲಬ್ಧ c/a ಆಗಿದೆಯೇ ನೋಡು. ಮೊತ್ತವನ್ನು ಮಾತ್ರ ನೋಡಿ ನಂಬಬೇಡ. ನಿನ್ನ ತಪ್ಪು ಮೂಲಗಳ ಮೊತ್ತವೂ 5/2 ಬರುತ್ತದೆ, ಸರಿ ಮೂಲಗಳದೂ ಅಷ್ಟೇ. ಗುಣಲಬ್ಧ ಮಾತ್ರ ಸುಳ್ಳು ಹೇಳದು. ಇಳಿಯುವ ಶ್ರೇಢಿಯಲ್ಲಿ ಮುಂದಿನ ಪದ ದೊಡ್ಡದಾಗಿ ಬಂದರೆ ಅಲ್ಲಿಯೇ ನಿಲ್ಲು.

“ಎರಡನೆಯದಾಗಿ, ಒಂದು ವಾರ ಪ್ರಮೇಯಗಳು ಮತ್ತು ನಕ್ಷೆ. ದತ್ತ, ಸಾಧನೀಯ, ರಚನೆ ಎಂಬ ತಲೆಬರಹಗಳನ್ನು ಮೊದಲು ಬರೆದುಕೊಂಡು ಸಾಧನೆಗೆ ಕೈಹಾಕು. ಇನ್ನು ಮೇಲೆ ಪತ್ರಿಕೆಯಲ್ಲಿ ನಕ್ಷೆಯನ್ನೂ ಪ್ರಮೇಯವನ್ನೂ ಮೊದಲ ಅರ್ಧ ಗಂಟೆಯಲ್ಲಿ ಮುಗಿಸು. ಹತ್ತು ನಿಮಿಷಕ್ಕೆ ದಾರಿ ಕಾಣದ ಮೂರು ಅಂಕದ ಪ್ರಶ್ನೆಯ ಕೆಳಗೆ ಜಾಗ ಬಿಟ್ಟು ಮುಂದೆ ಹೋಗು.

“ಮೂರನೆಯದಾಗಿ, ಆಮೇಲಿನ ಎರಡು ವಾರ ತ್ರಿಕೋನಮಿತಿ ಮತ್ತು ಅದರ ಅನ್ವಯಗಳು. ತಿಳಿಯದ 14ರಲ್ಲಿ 6 ಅಲ್ಲಿಯೇ ಇವೆ. 30, 45, 60 ಡಿಗ್ರಿಗಳ ಬೆಲೆಗಳು ಬಾಯಿಗೆ ಬಂದರೆ ಎತ್ತರ ದೂರದ ಲೆಕ್ಕದಲ್ಲಿ ಉಳಿಯುವುದು ಚಿತ್ರ ಬರೆಯುವುದೊಂದೇ. ಘನಾಕೃತಿಗಳನ್ನು ಜೋಡಿಸಿದ ಲೆಕ್ಕಗಳು ಅದರ ನಂತರ. ತ್ರಿಭುಜಗಳ ಕಠಿಣ ಪ್ರಶ್ನೆಗಳನ್ನು ಸದ್ಯಕ್ಕೆ ಮುಟ್ಟಬೇಡ. ವೇಳೆ ಉಳಿದರೆ ಇಬ್ಬರೂ ಕೂತು ನೋಡೋಣ.”

ಕಷ್ಟವಾದದ್ದನ್ನು ಕೊನೆಗಿಡುವುದು ಸರಿಯೇ ಎಂದು ಕೇಳುವವರುಂಟು. ಒಂದು ವರ್ಷವಿದ್ದರೆ ನಾನೂ ತ್ರಿಭುಜಗಳಿಂದ ಆರಂಭಿಸುತ್ತಿದ್ದೆ. 40 ದಿನಗಳಲ್ಲಿ ನೋಡಬೇಕಾದದ್ದು ಒಂದು ದಿನದ ಶ್ರಮಕ್ಕೆ ಎಷ್ಟು ಅಂಕ ಮರಳುತ್ತದೆ ಎಂಬುದನ್ನು. ಹಾಗೆಂದು 23ಕ್ಕೆ 23 ಮರಳುವುದೂ ಇಲ್ಲ. ಕೈಜಾರುವ ಅಭ್ಯಾಸ ಎರಡು ಗಂಟೆ ಬರೆದು ದಣಿದ ಮೇಲೆ ಪುನಃ ತಲೆಯೆತ್ತುತ್ತದೆ. ಅದಕ್ಕೇ ಬಿಡಿ ಲೆಕ್ಕಗಳ ಜೊತೆಗೆ ವಾರಕ್ಕೊಂದು ಪೂರ್ಣ ಪತ್ರಿಕೆಯನ್ನು ಗಡಿಯಾರದ ಮುಂದೆ ಬರೆಯಲೇಬೇಕು.

ತಂದೆಯಿಂದ ಮರುದಿನ ಒಂದೇ ಸಾಲು ಬಂದಿತು: “ಮೇಷ್ಟ್ರೇ, ಆ 14 ಎಂಬುದು ನಿಜವೇ?” ನಿಜವೆಂದು ಬರೆದೆ. ಮುಂದಿನ ಭಾನುವಾರ ಮಗಳನ್ನು ಅವರೇ ಕರೆತಂದರು. ವಿಜ್ಞಾನದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾರ್ಚಿಯ ಮೊದಲ ಭಾನುವಾರದ ಪತ್ರಿಕೆಗೆ 58 ಬಂದಿತು. ನಕ್ಷೆ ಮೊದಲನೆಯ ಪುಟದಲ್ಲಿಯೇ ಇತ್ತು. ಚಿಹ್ನೆಯ ತಪ್ಪು ಒಂದೇ ಒಂದು, ಅದೂ ಕೊನೆಯ ಪುಟದಲ್ಲಿ. ಮಿಕ್ಕ ಕಡೆಯಲ್ಲೆಲ್ಲ ಬ್ರಾಕೆಟ್ಟುಗಳು. ಋಣ ಸಂಖ್ಯೆಗಳಿಗೆ ಮಾತ್ರವಲ್ಲ, ಧನ ಸಂಖ್ಯೆಗಳಿಗೂ, ಬೇಡದ ಕಡೆಯಲ್ಲಿಯೂ. ಅಷ್ಟು ಅಗತ್ಯವಿರಲಿಲ್ಲ. ಕೆಂಪು ಪೆನ್ನು ಕೈಯಲ್ಲಿದ್ದರೂ ನಾನು ಒಂದನ್ನೂ ಹೊಡೆದುಹಾಕಲಿಲ್ಲ.