ಮೋಟರ ಸುಟ್ಟೈತ್ರಿ, ಡಿಯರ್ ಸರ್

ಬೋರಿನ ಮೋಟರು ಕೆಡುವುದಕ್ಕೆ ಏಪ್ರಿಲ್ ತಿಂಗಳನ್ನೇ ಆರಿಸಿಕೊಳ್ಳುತ್ತದೆ. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಂಥ ಊರಲ್ಲಿ, ಕೃಷ್ಣೆ ಕಣ್ಣಳತೆಯಲ್ಲೇ ಹರಿದರೂ, ಹೊಳೆಯಿಂದ ದೂರದ ಹೊಲಕ್ಕೆ ನೀರು ಬರಬೇಕಾದರೆ ಮೋಟರು ತಿರುಗಲೇಬೇಕು. ಅದು ನಿಂತ ದಿನ ಫೋನಿನಲ್ಲಿ ಹುಟ್ಟುವ ಮೆಸೇಜು ಹೆಚ್ಚುಕಡಿಮೆ ಹೀಗಿರುತ್ತದೆ:

“ಸರ್ ನಮಸ್ಕಾರ್ರಿ. ನಮ್ಮ ಮೋಟರ ಸುಟ್ಟೈತ್ರಿ. ಮೊನ್ನೆ ಶುಕ್ರವಾರದಿಂದ ಬಂದ್ ಐತಿ. ಅಂಗಡ್ಯಾವ್ರು ಕಂಪನಿಗೆ ಮೇಲ್ ಹಾಕ್ರಿ ಅಂದ್ರು. ವಾರಂಟಿ ಐತಲ್ರಿ? ಕಬ್ಬು ಒಣಗಾಕತ್ತೈತಿ, ಲಗೂನ ಮಂದಿ ಕಳಸ್ರಿ ಪ್ಲೀಸ್. ಬಿಲ್ ಫೋಟೋ ಹಾಕೀನಿ ನೋಡ್ರಿ.”

ಇದರಲ್ಲಿ ತಪ್ಪೇನೂ ಇಲ್ಲ. ಮುದ್ದೇಬಿಹಾಳದ ಅಂಗಡಿಯವನಿಗೆ ಕಳಿಸಿದ್ದರೆ ಇಷ್ಟೇ ಸಾಕಿತ್ತು. ಅವನಿಗೆ ರೈತನ ಗುರುತಿದೆ, ಮೋಟರಿನ ಗುರುತಿದೆ, ಯಾವ ಶುಕ್ರವಾರ ಎನ್ನುವುದೂ ಗೊತ್ತಿದೆ. ಆದರೆ ಪಂಪುಗಳು ಬಹುಪಾಲು ತಯಾರಾಗುವುದು ದೂರದ ಕೊಯಮತ್ತೂರಿನಂಥ ಊರುಗಳಲ್ಲಿ. ಅಲ್ಲಿ ಕಂಪ್ಯೂಟರ್ ಮುಂದೆ ಕೂತವರಿಗೆ ನಮ್ಮ ಕನ್ನಡ ಬಾರದು, ನಮಗೆ ಅವರ ತಮಿಳು ಬಾರದು. ಹಾಗಾಗಿ ಇಬ್ಬರದೂ ಅಲ್ಲದ ಇಂಗ್ಲಿಷಿಗೆ ಹೋಗಬೇಕು. ಊರಿನಲ್ಲಿ ಈ ಕೆಲಸ ಬೀಳುವುದು ಡಿಗ್ರಿ ಓದುವ ಅಣ್ಣನ ಮಗನ ಮೇಲೆ, ಇಲ್ಲವೇ ಆನ್‌ಲೈನ್ ಸೆಂಟರಿನವನ ಮೇಲೆ. ಒಂದು ಕಾಲಕ್ಕೆ ತಹಶೀಲ್ದಾರ್ ಕಚೇರಿಯ ಮುಂದೆ ಕೂತು ಅರ್ಜಿ ಬರೆಯುತ್ತಿದ್ದವರ ಗಾದಿ ಈಗ ಇವರದು.

ಹುಡುಗ ಮೊದಲು ಮಾಡುವುದು ಬಿರುಸಾದ ಇಂಗ್ಲಿಷನ್ನು ಹುಡುಕುವುದು. “ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್” ಎಂದು ಶುರುವಾಗಿ, “ಕೈಂಡ್ಲಿ ಡೂ ದಿ ನೀಡ್‌ಫುಲ್” ಎಂದು ಮುಗಿಯುತ್ತದೆ. ಶಾಲೆಯ ರಜಾ ಅರ್ಜಿಯಿಂದ ಬಂದ ಈ ಸಾಮಗ್ರಿಗೆ ನಗಬೇಕಿಲ್ಲ, ಕಾಕಾನ ಬಾಯಲ್ಲಿದ್ದ ಅಷ್ಟೂ ‘ರಿ’ಗಳಿಗೆ ಅವನು ಹುಡುಕಿದ ಬದಲಿ ಅದು. ತೊಂದರೆ ಬೇರೆ ಇದೆ. ನೀಡ್‌ಫುಲ್ ಅಂದರೆ ಏನು ಮಾಡಬೇಕು? ಮೋಟರು ಬದಲಿಸಬೇಕೋ, ರಿಪೇರಿ ಮಾಡಬೇಕೋ, ಬರೀ ಬಂದು ನೋಡಬೇಕೋ? ಕಾಕಾ ಸ್ಪಷ್ಟವಾಗಿ ಕೇಳಿದ್ದ: ಮಂದಿ ಕಳಸ್ರಿ. ಮರ್ಯಾದೆಯ ಭರದಲ್ಲಿ ಆ ಬೇಡಿಕೆಯೇ ಬಿದ್ದುಹೋಯಿತು.

ಇದಕ್ಕಿಂತ ದೊಡ್ಡ ಅಪಾಯ ‘ಸುಟ್ಟೈತಿ’ ಎಂಬಲ್ಲಿದೆ. ನಮ್ಮ ಕಡೆ ನಿಂತ ಮೋಟರೆಲ್ಲ ಸುಟ್ಟ ಮೋಟರೇ. ಹುಡುಗ ಅದನ್ನು ಇನ್ನಷ್ಟು ತೂಕದ್ದು ಮಾಡಲು “ಡ್ಯೂ ಟು ಲೋ ವೋಲ್ಟೇಜ್ ದಿ ಮೋಟರ್ ಈಸ್ ಕಂಪ್ಲೀಟ್ಲಿ ಬರ್ಂಟ್” ಎಂದು ಸೇರಿಸಿದ ಎನ್ನಿ. ಹೆಸ್ಕಾಂ ಕರೆಂಟಿನ ಏರಿಳಿತ ಅವನಿಗೆ ಹೊಸದಲ್ಲ, ಕಾರಣ ಇರಲಿ ಎಂದು ಬರೆದ. ಪಂಪಿನ ವಾರಂಟಿ ಕಾರ್ಡಿನ ಹಿಂಬದಿಯ ಸಣ್ಣಕ್ಷರವನ್ನು ಓದಿದವರಿಗೆ ಇದರ ಬೆಲೆ ಗೊತ್ತು. ವೋಲ್ಟೇಜಿನ ಏರುಪೇರಿನಿಂದ ಆದ ಹಾನಿ, ಬೋರು ಬತ್ತಿದ ಮೇಲೂ ಓಡಿಸಿದ್ದರಿಂದ ಆದ ಹಾನಿ, ಒಂದು ಫೇಸ್ ಹೋಗಿ ಉಳಿದೆರಡರ ಮೇಲೆ ಓಡಿದ್ದರಿಂದ ಆದ ಹಾನಿ, ಇವನ್ನು ವಾರಂಟಿಯಿಂದ ಹೊರಗಿಡುವುದು ಈ ವ್ಯಾಪಾರದ ರೂಢಿ. ಅಂದರೆ ರೈತ ಹೇಳದೇ ಇದ್ದ, ಯಾರೂ ಪರೀಕ್ಷಿಸದೇ ಇದ್ದ ಕಾರಣವೊಂದನ್ನು ಅವನ ಹೆಸರಿನಲ್ಲೇ ಬರೆದುಕೊಟ್ಟು, ಕ್ಲೇಮು ತಳ್ಳಿಹಾಕಲು ಕಂಪನಿಗೆ ದಾರಿ ಮಾಡಿಕೊಟ್ಟಂತಾಯಿತು.

ಹಾಗೆಂದು ಏನನ್ನೂ ಮುಚ್ಚಿಡಬೇಕಿಲ್ಲ. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು. ಅದಕ್ಕೆ ಕಾಕಾನನ್ನೇ ಕೇಳಬೇಕು.

“ಕಾಕಾ, ಸುಟ್ಟೈತಿ ಅಂತ ಹೆಂಗ ಗೊತ್ತಾತು? ಮ್ಯಾಲ ಎತ್ತಿ ನೋಡೀರೇನು?”

“ಎಲ್ಲಿ ಎತ್ತೋದೋ ತಮ್ಮಾ, ಇನ್ನೂ ಬೋರಿನ್ಯಾಗ ಐತಿ. ಬಟನ್ ಒತ್ತಿದ್ರ ಸ್ಟಾರ್ಟರ್ ಹಿಡೀತೈತಿ, ಒಂದು ಗಳಿಗಿಗೆ ಟ್ರಿಪ್ ಆಕೈತಿ.”

ಈಗ ಸಿಕ್ಕಿತು. ಮೋಟರು ಸುಟ್ಟಿದೆಯೆಂದು ಯಾರೂ ನೋಡಿಲ್ಲ. ಸ್ಟಾರ್ಟರ್ ಟ್ರಿಪ್ ಆಗುತ್ತಿದೆ, ನೀರು ಬರುತ್ತಿಲ್ಲ. ವೈಂಡಿಂಗ್ ಹೋಗಿರಬಹುದು, ಕೇಬಲಿನ ಜಾಯಿಂಟಿಗೆ ನೀರು ಇಳಿದಿರಬಹುದು, ಮರಳು ಸಿಕ್ಕು ಪಂಪು ಬಿಗಿದಿರಬಹುದು. ಅದನ್ನು ಹೇಳಬೇಕಾದವನು ಮೆಗ್ಗರ್ ಹಿಡಿದು ಬರುವ ಮೆಕ್ಯಾನಿಕ್ಕು.

ಉಳಿದದ್ದು ಬಿಟ್ಟಜಾಗ ತುಂಬುವ ಕೆಲಸ. ‘ಮೊನ್ನೆ ಶುಕ್ರವಾರ’ ಓದುವವನ ಮಟ್ಟಿಗೆ ಯಾವ ಶುಕ್ರವಾರವೂ ಆಗಬಹುದು. ಅದನ್ನು 11 ಏಪ್ರಿಲ್ 2025 ಎಂದು, ತಿಂಗಳನ್ನು ಅಕ್ಷರದಲ್ಲೇ ಬರೆಯುವುದು ಒಳ್ಳೆಯದು. ‘ಅಂಗಡ್ಯಾವ್ರು’ ಯಾರು ಎಂಬುದಕ್ಕೆ ಬಿಲ್ಲಿನ ಮೇಲಿನ ಹೆಸರು, ಬಿಲ್ ನಂಬರು. ಸೀರಿಯಲ್ ನಂಬರಿನ ತಗಡು ಮೋಟರಿನ ಮೈಮೇಲೆ, ಅಂದರೆ ಬೋರಿನ ಆಳದಲ್ಲಿ ಇರುತ್ತದೆ. ಪುಣ್ಯಕ್ಕೆ ಅದೇ ನಂಬರು ವಾರಂಟಿ ಕಾರ್ಡಿನಲ್ಲೋ ಬಿಲ್ಲಿನಲ್ಲೋ ಬರೆದಿರುತ್ತದೆ. ಬಿಲ್ಲಿನ ಫೋಟೋದಲ್ಲಿ ಕಾಕಾನ ಹೆಬ್ಬೆರಳು ಆ ನಂಬರನ್ನು ಮುಚ್ಚಿದೆಯೇ ಎಂದು ದೊಡ್ಡದು ಮಾಡಿ ನೋಡಬೇಕು.

ವಿಳಾಸದ್ದೂ ಒಂದು ಕಥೆ. ಬಿಜಾಪುರ ಅಧಿಕೃತವಾಗಿ ವಿಜಯಪುರವಾದದ್ದು 2014ರ ನವೆಂಬರ್ 1ರಂದು. ಆದರೆ ಎಷ್ಟೋ ಅಂಗಡಿಗಳ ಬಿಲ್ ಪುಸ್ತಕಗಳಲ್ಲಿ ಹಳೆಯ ಹೆಸರೇ ಉಳಿದಿದೆ. ಅತ್ತ ದೇವನಹಳ್ಳಿ ತಾಲೂಕಿನಲ್ಲಿ ಇನ್ನೊಂದು ವಿಜಯಪುರವಿದೆ. ಬರೀ ‘ವಿಜಯಪುರ, ಕರ್ನಾಟಕ’ ಎಂದು ಬರೆದರೆ ಕಂಪನಿಯವರು ಬೆಂಗಳೂರು ಕಡೆಯ ಮೆಕ್ಯಾನಿಕ್ಕಿಗೆ ಕೆಲಸ ಒಪ್ಪಿಸಿ ಕೂರಬಹುದು. ನೀಲಮ್ಮನ ಐಕ್ಯಸ್ಥಳವೆಂದು ತಂಗಡಗಿ ನಾಡಿಗೆಲ್ಲ ಗೊತ್ತಿದ್ದರೂ ಕೊಯಮತ್ತೂರಿಗೆ ಊರು, ತಾಲೂಕು, ಜಿಲ್ಲೆ, ಪಿನ್‌ಕೋಡು ಎಲ್ಲವೂ ಬೇಕು. ಜಿಲ್ಲೆಯ ಹಳೆಯ ಹೆಸರನ್ನೂ ಪಕ್ಕದಲ್ಲಿ ಬರೆದರೆ ನಷ್ಟವಿಲ್ಲ.

ಇಷ್ಟಾದ ಮೇಲೆ ಬರೆಯುವುದು ಕಡಿಮೆಯೇ. ವಿಷಯದ ಸಾಲಿನಲ್ಲಿ ‘ಅರ್ಜೆಂಟ್ ಪ್ಲೀಸ್ ಹೆಲ್ಪ್’ ಬೇಡ. “ವಾರಂಟಿ ಕ್ಲೇಮ್, 5 ಎಚ್‌ಪಿ ಸಬ್‌ಮರ್ಸಿಬಲ್”, ಅದರ ಮುಂದೆ ಸೀರಿಯಲ್ ನಂಬರು, ಊರು. ಒಳಗೆ, ಮೆಸೇಜಿನ ಕೊನೆಯಲ್ಲಿದ್ದ ಬೇಡಿಕೆ ಮೊದಲಿಗೆ ಬರುತ್ತದೆ:

“ಡಿಯರ್ ಸರ್, ಪ್ಲೀಸ್ ಸೆಂಡ್ ಎ ಟೆಕ್ನೀಷಿಯನ್ ಟು ಇನ್‌ಸ್ಪೆಕ್ಟ್ ಮೈ ಪಂಪ್, ವಿಚ್ ಈಸ್ ಅಂಡರ್ ವಾರಂಟಿ. ಇಟ್ ಸ್ಟಾಪ್ಡ್ ವರ್ಕಿಂಗ್ ಆನ್ 11 ಏಪ್ರಿಲ್ 2025. ದಿ ಸ್ಟಾರ್ಟರ್ ಟ್ರಿಪ್ಸ್ ವಿದಿನ್ ಸೆಕೆಂಡ್ಸ್. ದಿ ಮೋಟರ್ ಹ್ಯಾಸ್ ನಾಟ್ ಬೀನ್ ಓಪನ್ಡ್. ಮೈ ಶುಗರ್‌ಕೇನ್ ಡಿಪೆಂಡ್ಸ್ ಆನ್ ದಿಸ್ ಪಂಪ್, ಸೋ ಐ ರಿಕ್ವೆಸ್ಟ್ ಎ ವಿಸಿಟ್ ಬೈ 18 ಏಪ್ರಿಲ್. ದಿ ಬಿಲ್ ಅಂಡ್ ವಾರಂಟಿ ಕಾರ್ಡ್ ಆರ್ ಅಟ್ಯಾಚ್ಡ್.”

ಕೆಳಗೆ ಹೆಸರು, ಪೂರ್ತಿ ವಿಳಾಸ, ಫೋನ್ ನಂಬರು. ಕಬ್ಬು ಒಣಗುವ ಸಂಕಟಕ್ಕೆ ಅರ್ಧ ವಾಕ್ಯ ಸಿಕ್ಕಿತು, ‘ಲಗೂನ’ ಎಂಬುದಕ್ಕೆ ತಾರೀಖು ಸಿಕ್ಕಿತು. ಸ್ಪೆಲ್ಲಿಂಗು ಒಂದೆರಡು ಕಡೆ ತಪ್ಪಿದರೂ ನಡೆಯುತ್ತದೆ. ‘ಮೋಟರ್ ಹ್ಯಾಸ್ ನಾಟ್ ಬೀನ್ ಓಪನ್ಡ್’ ಎಂಬ ಸಾಲು ಮಾತ್ರ ತಪ್ಪಬಾರದು. ಊರಿನ ಮೆಕ್ಯಾನಿಕ್ಕಿನಿಂದ ಬಿಚ್ಚಿಸಿದರೆ ವಾರಂಟಿ ಹೋಗುವುದೂ ಇದೆ. ಬಿಚ್ಚಿಸಿದ್ದರೆ ಆ ಸಾಲನ್ನು ಬರೆಯಲೂಬಾರದು.

ಕಳಿಸುವ ಮೊದಲು ಇನ್ನೊಂದು ಕೆಲಸ ಉಂಟು. ಬರೆದ ಇಂಗ್ಲಿಷನ್ನು ಹುಡುಗ ಕಾಕಾನಿಗೆ ಊರ ಮಾತಿನಲ್ಲಿ ತಿರುಗಿ ಹೇಳಬೇಕು. “ಹೌದು, ಇದನ್ನ ಹೇಳಿದ್ದೆ” ಅಂದರೆ ಸರಿ. “ವೋಲ್ಟೇಜ್ ಮಾತು ನಾ ಎಲ್ಲಿ ಆಡೀನೋ?” ಎಂದು ಹುಬ್ಬೇರಿಸಿದರೆ ಆ ಸಾಲು ಹುಡುಗನದು, ತೆಗೆಯಬೇಕು. ಯಾವ ವ್ಯಾಕರಣ ಪುಸ್ತಕವೂ ಇಷ್ಟು ಬೇಗ ತಪ್ಪು ಹಿಡಿಯುವುದಿಲ್ಲ.

ಫೋನಿನಲ್ಲಿ ಜಗಳಾಡಿದರೆ ಉಳಿಯುವುದು ಸಿಟ್ಟು. ಮೇಲ್ ಹಾಕಿದರೆ ತಾರೀಖಿನ ಸಮೇತ ದಾಖಲೆ ಉಳಿಯುತ್ತದೆ. ಕಂಪನಿಯಿಂದ ಬರುವ ಕಂಪ್ಲೇಂಟ್ ನಂಬರನ್ನು ಬಿಲ್ಲಿನ ಮೇಲೆಯೇ ಬರೆದಿಡುವುದು ಲೇಸು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ತಕರಾರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲಿ ಕನ್ನಡ ನಡೆಯುತ್ತದೆ.