ಆರೋಗ್ಯವಾದ ಎಲೆಗೂ ರೋಗ ಅಂದ ನಮ್ಮ ಆ್ಯಪ್

ಹೋದ ಮಳೆಗಾಲದಲ್ಲಿ ನಾವು ಒಂದು ತಪ್ಪು ಮಾಡಿದೆವು. ಅದನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಆ ತಪ್ಪು ಇನ್ನೂ ಕೆಲವರ ಫೋನಿನಲ್ಲಿ ಕೂತಿದೆ.

ನಾವು ಮೂವರು. ಓದಿದ್ದು ಪತ್ರಿಕೋದ್ಯಮ, ಮನೆ ಕೋಲಾರದ ಕಡೆ, ಮನೆಯವರೆಲ್ಲ ಟೊಮೆಟೊ ಬೆಳೆಯುವವರು. ನಮ್ಮಲ್ಲೊಬ್ಬನ ಅಣ್ಣ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಎಲೆಯ ಫೋಟೊ ತೆಗೆದರೆ ರೋಗದ ಹೆಸರು ಹೇಳುವ ಆ್ಯಪ್ ಮಾಡೋಣ, ನೆಟ್ ಇಲ್ಲದಿದ್ದರೂ ಓಡಬೇಕು ಎಂದು ಶುರು ಮಾಡಿದ್ದು ಅವನೇ. ನಮ್ಮ ತೋಟಗಳು ಹಳ್ಳದ ಪಕ್ಕ ಇವೆ. ಅಲ್ಲಿ ಸಿಗ್ನಲ್ ಬೇಕಾದರೆ ದಿಣ್ಣೆ ಹತ್ತಬೇಕು. ಫೋಟೊವನ್ನು ಎಲ್ಲಿಗೋ ಕಳಿಸಿ ಉತ್ತರಕ್ಕೆ ಕಾಯುವ ಆ್ಯಪ್ ನಮಗೆ ಕೆಲಸಕ್ಕೆ ಬಾರದು.

ಗುರುತು ಹಿಡಿಯುವ ಭಾಗಕ್ಕೆ ಮಾಡೆಲ್ ಅನ್ನುತ್ತಾರೆ. ಅದು ಬರೀ ಸಂಖ್ಯೆಗಳ ಮೂಟೆ. ಅಣ್ಣ ಆರಿಸಿದ್ದು ಫೋನಿಗೆಂದೇ ಮಾಡಿದ MobileNetV2. ನಮಗೆ ಬೇಕಾದ ಅಳತೆಗೆ ತಂದಾಗ ಅದರಲ್ಲಿ 22 ಲಕ್ಷದಷ್ಟು ಸಂಖ್ಯೆಗಳಿದ್ದವು. ಒಂದೊಂದಕ್ಕೆ ನಾಲ್ಕು ಬೈಟ್ ಎಂದರೆ ಹತ್ತಿರ ಹತ್ತಿರ 9 ಎಂಬಿ. ಸಂಖ್ಯೆಗಳನ್ನು ಸ್ವಲ್ಪ ಒರಟಾಗಿ, ಒಂದೇ ಬೈಟಿನಲ್ಲಿ ಬರೆದಿಟ್ಟರೆ 3 ಎಂಬಿಯೊಳಗೆ ಬರುತ್ತದೆ. ಹಳೇ ಫೋನಿನಲ್ಲೂ ಸಲೀಸಾಗಿ ಓಡುತ್ತದೆ.

ಕಲಿಸಲು ಮೊದಲು ತಂದದ್ದು PlantVillage ಎಂಬ ಫೋಟೊ ಸಂಗ್ರಹ. ಅದರಲ್ಲಿ 54 ಸಾವಿರಕ್ಕೂ ಹೆಚ್ಚು ಎಲೆಗಳಿವೆ. ಆದರೆ ಎಲ್ಲ ಕಿತ್ತ ಎಲೆಗಳು, ಒಂದೇ ಬಣ್ಣದ ಹಾಸಿನ ಮೇಲೆ ಇಟ್ಟು ತೆಗೆದವು. ಇದರ ಮೇಲೆ 2016ರಲ್ಲಿ ಬಂದ ಒಂದು ಸಂಶೋಧನೆಯಲ್ಲಿ, ಅದೇ ಸಂಗ್ರಹದ ಫೋಟೊ ಕೊಟ್ಟಾಗ ಮಾಡೆಲ್ ನೂರಕ್ಕೆ 99 ಸರಿ ಹೇಳಿತ್ತು. ಬೇರೆ ಕಡೆ ತೆಗೆದ ಫೋಟೊ ಕೊಟ್ಟಾಗ ನೂರಕ್ಕೆ 31ಕ್ಕೆ ಇಳಿದಿತ್ತು. ಹಾಗಾಗಿ ನಾವು ಮೂರು ತಿಂಗಳು ತೋಟ ತೋಟ ಅಲೆದು, ಕಡ್ಡಿಗೆ ಕಟ್ಟಿದ ಗಿಡದಲ್ಲೇ, ಬಿಸಿಲು ನೆರಳು ಮಣ್ಣು ಎಲ್ಲ ಸೇರಿದ ಫೋಟೊ ತೆಗೆದೆವು. ಇಷ್ಟು ಎಚ್ಚರ ವಹಿಸಿದ ನಾವು ಎಡವಿದ್ದು ಎಲ್ಲಿ ಗೊತ್ತೇ? ಕನ್ನಡದಲ್ಲಿ.

ಮಾಡೆಲ್‌ಗೆ ರೋಗದ ಹೆಸರು ಗೊತ್ತಿರುವುದಿಲ್ಲ. ಅದು ಐದು ಸಂಖ್ಯೆಗಳನ್ನು ಸಾಲಾಗಿ ಕೊಡುತ್ತದೆ, ಅಷ್ಟೇ. ಎಷ್ಟನೆಯ ಜಾಗದಲ್ಲಿ ದೊಡ್ಡ ಸಂಖ್ಯೆ ಇದೆಯೋ, ಹೆಸರಿನ ಪಟ್ಟಿಯಲ್ಲಿ ಅಷ್ಟನೆಯ ಸಾಲನ್ನು ಆ್ಯಪ್ ಓದಿ ತೋರಿಸುತ್ತದೆ. ಅಣ್ಣ ಕೊಟ್ಟ ಪಟ್ಟಿ ಹೀಗಿತ್ತು:

```
Bacterial_spot
Early_blight
Late_blight
Leaf_curl
healthy
```

ಇದನ್ನು ಕನ್ನಡಕ್ಕೆ ತರುವ ಕೆಲಸ ನಮ್ಮದು. ದುಂಡಾಣು ಚುಕ್ಕೆ, ಮುಂಚಿನ ಅಂಗಮಾರಿ, ಕೊನೆ ಅಂಗಮಾರಿ, ಎಲೆ ಮುಟುರು, ಆರೋಗ್ಯವಾಗಿದೆ ಎಂದು ಬರೆದೆವು. ಬರೆದ ಮೇಲೆ, ಪತ್ರಿಕೆಯವರ ಚಾಳಿ ನೋಡಿ, ಅಚ್ಚುಕಟ್ಟಾಗಿರಲಿ ಎಂದು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದೆವು:

```
ಆರೋಗ್ಯವಾಗಿದೆ
ಎಲೆ ಮುಟುರು
ಕೊನೆ ಅಂಗಮಾರಿ
ದುಂಡಾಣು ಚುಕ್ಕೆ
ಮುಂಚಿನ ಅಂಗಮಾರಿ
```

ಎರಡೂ ಪಟ್ಟಿಯ ಮೂರನೇ ಸಾಲು ನೋಡಿ. ಕೊನೆ ಅಂಗಮಾರಿ ಎರಡರಲ್ಲೂ ಅಲ್ಲೇ ಇದೆ. ಉಳಿದ ನಾಲ್ಕೂ ಅದಲು ಬದಲು.

ನಾವು ಪರೀಕ್ಷೆ ಮಾಡಿದ ವಾರ ಜಡಿಮಳೆ, ತಂಪು. ಆ ಹವೆಯಲ್ಲಿ ಬರುವುದೇ ಕೊನೆ ಅಂಗಮಾರಿ. ಎಲೆಯಲ್ಲಿ ನೀರು ನೆಂದಂಥ ಕಂದು ಮಚ್ಚೆ, ಅಡಿಯಲ್ಲಿ ಬಿಳೀ ಬೂಷ್ಟು. ಸುತ್ತಲಿನ ತೋಟಗಳಲ್ಲೆಲ್ಲ ಅದೇ ಇತ್ತು. ಯಾವ ಎಲೆ ತೋರಿಸಿದರೂ ಆ್ಯಪ್ ಸರಿಯಾಗಿ ಹೇಳಿತು. ನಾವು ಕುಣಿದಾಡಿದೆವು. ಆರೋಗ್ಯವಾದ ಎಲೆಯನ್ನು ಒಮ್ಮೆ ತೋರಿಸೋಣ ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅದೇ ವಾರ 23 ಫೋನಿಗೆ ಹಾಕಿಕೊಟ್ಟೆವು.

ಮಳೆ ನಿಂತು ಹತ್ತು ದಿನಕ್ಕೆ ದೊಡ್ಡಪ್ಪ ಕರೆದರು. "ಏನ್ರೋ, ನಿಮ್ಮ ಫೋನು ಒಳ್ಳೇ ಗಿಡಕ್ಕೂ ರೋಗ ಅಂತದಲ್ಲೋ. ಎರಡು ಸಲ ಔಷಧಿ ಹೊಡೆದೆ, ಇನ್ನೂ ರೋಗ ಅಂತದೆ" ಅಂದರು. ಹೋಗಿ ನೋಡಿದರೆ ಎಲೆ ತಿಳಿಯಾಗಿತ್ತು. ಆ್ಯಪ್ ಮಾತ್ರ "ಮುಂಚಿನ ಅಂಗಮಾರಿ, 94%" ಅನ್ನುತ್ತಿತ್ತು. ಆ ರೋಗ ಬಂದರೆ ಕೆಳಗಿನ ಹಳೇ ಎಲೆಗಳಲ್ಲಿ ಉಂಗುರದೊಳಗೆ ಉಂಗುರ ಇಟ್ಟಂಥ ಮಚ್ಚೆ ಇರಬೇಕು. ಒಂದೂ ಇರಲಿಲ್ಲ.

ಅಣ್ಣ ಫೋನಿನಲ್ಲೇ ಕೇಳಿದ: "ಸಂಖ್ಯೆ ಯಾವ ಜಾಗದಲ್ಲಿ ದೊಡ್ಡದಿದೆ?" ಐದನೆಯ ಜಾಗ. "ಹಾಗಾದರೆ ಮಾಡೆಲ್ ಸರಿ ಹೇಳ್ತಿದೆ, ಅದು healthy" ಅಂದ. ಪಟ್ಟಿ ತೆಗೆದು ನೋಡಿದಾಗ ನಮ್ಮ ಮುಖ ಕಪ್ಪಿಟ್ಟಿತು. ಇಂಥ ತಪ್ಪಿಗೆ ಒಂದು ಗುರುತಿದೆ. ಮಾಡೆಲ್‌ಗೆ ಅನುಮಾನವಿದ್ದರೆ 40, 50 ಎಂದು ಸಂಖ್ಯೆ ಹಂಚಿಹೋಗುತ್ತದೆ. 90ರ ಮೇಲೆ ಧೈರ್ಯವಾಗಿ, ಪ್ರತಿ ಸಲವೂ ಅದೇ ತಪ್ಪನ್ನು ಹೇಳಿದರೆ ಮೊದಲು ಹೆಸರಿನ ಪಟ್ಟಿ ನೋಡಬೇಕು.

ದೊಡ್ಡಪ್ಪನಿಗೆ ಹೋದದ್ದು ಎರಡು ಸಲದ ಔಷಧಿ, ಕೂಲಿ. ಪಕ್ಕದ ಊರಿನ ಅಕ್ಕನಿಗೆ ಆದದ್ದು ಅದಕ್ಕಿಂತ ಕೆಟ್ಟದ್ದು. ಅವರ ತೋಟದಲ್ಲಿದ್ದದ್ದು ದುಂಡಾಣು ಚುಕ್ಕೆ, ಅಂದರೆ ಮೊದಲನೇ ಸಾಲು. ನಮ್ಮ ಪಟ್ಟಿಯಲ್ಲಿ ಮೊದಲನೇ ಸಾಲು "ಆರೋಗ್ಯವಾಗಿದೆ". ಆ ರೋಗ ಮಳೆಹನಿ ಸಿಡಿದು ಗಿಡದಿಂದ ಗಿಡಕ್ಕೆ ಹೋಗುತ್ತದೆ. ಆ್ಯಪ್ ಏನೂ ಇಲ್ಲ ಅಂದದ್ದಕ್ಕೆ ಅವರು ಸುಮ್ಮನಿದ್ದರು. ಎರಡು ಕೊಯ್ಲಿನ ಹಣ್ಣು ಕಜ್ಜಿ ಕಜ್ಜಿಯಾಗಿ ಮಂಡಿಯಲ್ಲಿ ಯಾರೂ ಕೈಹಾಕಲಿಲ್ಲ. ನಾವು ಹೋಗಿ ವಿಷಯ ಹೇಳಿದಾಗ ಅವರು ಬೈಯಲಿಲ್ಲ. ಕಾಫಿ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಈಗ ಪಟ್ಟಿಯನ್ನು ಸಾಲಿನ ಲೆಕ್ಕಕ್ಕೆ ಬಿಟ್ಟಿಲ್ಲ. ಮಾಡೆಲ್‌ನ ಪಟ್ಟಿ ಇಂಗ್ಲಿಷಿನಲ್ಲಿ ಇದ್ದ ಹಾಗೇ ಇರುತ್ತದೆ, ಯಾರೂ ಮುಟ್ಟುವಂತಿಲ್ಲ. ಕನ್ನಡ ಹೆಸರುಗಳು ಬೇರೆ ಫೈಲಿನಲ್ಲಿ ಜೋಡಿಯಾಗಿ ಇರುತ್ತವೆ:

```
Late_blight=ಕೊನೆ ಅಂಗಮಾರಿ
healthy=ಆರೋಗ್ಯವಾಗಿದೆ
```

ಈ ಸಾಲುಗಳನ್ನು ಹೇಗೆ ಮೇಲೆ ಕೆಳಗೆ ಮಾಡಿದರೂ ಜೋಡಿ ತಪ್ಪುವುದಿಲ್ಲ. ಇದರ ಜೊತೆಗೆ ಐದು ಬಗೆಗೂ ಒಂದೊಂದರಂತೆ, ರೋಗ ಗೊತ್ತಿರುವ ಐದು ಫೋಟೊಗಳನ್ನು ಆ್ಯಪ್‌ನೊಳಗೇ ಇಟ್ಟಿದ್ದೇವೆ. ಮೊದಲ ಸಲ ತೆರೆದಾಗ ಅದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಒಂದು ಹೆಸರು ತಪ್ಪಿದರೂ ಕ್ಯಾಮೆರಾ ತೆರೆಯುವುದಿಲ್ಲ.

ಇನ್ನು ಹಳೇ ಆ್ಯಪ್ ವಾಪಸ್ ತರುವ ಕೆಲಸ. ನೆಟ್ ಬೇಡದ ಆ್ಯಪ್‌ಗೆ ನೆಟ್‌ನಲ್ಲಿ ತಿದ್ದುಪಡಿ ಕಳಿಸುವ ದಾರಿಯನ್ನೇ ನಾವು ಇಟ್ಟಿರಲಿಲ್ಲ. ಹೊಸದನ್ನು ಹಳೆಯದರ ಮೇಲೆ ಹಾಕೋಣವೆಂದರೆ, ಎರಡಕ್ಕೂ ಒಂದೇ ಕೀಲಿ ಫೈಲಿನಿಂದ ಸಹಿ ಆಗಿರಬೇಕು, ಇಲ್ಲವಾದರೆ ಆಂಡ್ರಾಯ್ಡ್ ಒಪ್ಪುವುದಿಲ್ಲ. ಆ ಫೈಲು ಅಣ್ಣನ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆದಾಗ ಹೋಗಿತ್ತು. ಹಾಗಾಗಿ ಬೈಕ್ ಹತ್ತಿ ಮನೆ ಮನೆಗೆ ಹೋಗಿ, ಹಳೆಯದನ್ನು ಅಳಿಸಿ, ಹೊಸದು ಹಾಕಿಕೊಟ್ಟೆವು. 23ರಲ್ಲಿ 19 ಫೋನು ಸಿಕ್ಕವು. ಉಳಿದ ನಾಲ್ಕರಲ್ಲಿ ಎರಡು ಮಾರಾಟವಾಗಿವೆ, ಇನ್ನೆರಡರ ಸುದ್ದಿ ಇಲ್ಲ. ಅಷ್ಟರಲ್ಲಿ ಎಷ್ಟು ಜನ ಬ್ಲೂಟೂತ್‌ನಲ್ಲಿ ಅಕ್ಕಪಕ್ಕದವರಿಗೆ ಕಳಿಸಿದ್ದಾರೋ, ಆ ಲೆಕ್ಕ ನಮ್ಮ ಹತ್ತಿರ ಇಲ್ಲ.

ನಿಮ್ಮ ಫೋನಿನಲ್ಲಿ ಟೊಮೆಟೊ ಎಲೆ ನೋಡುವ ಆ್ಯಪ್ ಇದ್ದು, ಯಾರು ಕೊಟ್ಟದ್ದೋ ಮರೆತಿದ್ದರೆ, ಮಚ್ಚೆಯಿಲ್ಲದ, ಮುದುಡದ ಒಂದು ಎಲೆಯನ್ನು ಈಗಲೇ ಅದಕ್ಕೆ ತೋರಿಸಿ. "ಮುಂಚಿನ ಅಂಗಮಾರಿ" ಅಂದರೆ ಅದು ನಮ್ಮ ಹಳೇ ಆ್ಯಪ್. ಅಳಿಸಿಬಿಡಿ. ನೀವು ಯಾರಿಗಾದರೂ ಕಳಿಸಿದ್ದರೆ ಅವರಿಗೂ ಒಂದು ಮಾತು ಹೇಳಿ.