ಇಪ್ಪತ್ತು ವೃತ್ತಗಳ ಹುಲ್ಲುಹಾಸು

ಒಂದು ಗ್ರಾಫ್ ಹಾಳೆ, ಚೂಪು ಮಾಡಿದ ಪೆನ್ಸಿಲ್ಲು, ಒಂದು ಕೈವಾರ. ಇಷ್ಟು ಕೈಗೆ ಸಿಕ್ಕರೆ ಭಾನುವಾರದ ಮಧ್ಯಾಹ್ನ ಕಳೆದದ್ದೇ ನನಗೆ ತಿಳಿಯುವುದಿಲ್ಲ. ಯಾರದೋ ಹುಲ್ಲುಹಾಸಿನ ಉದ್ದಗಲ ಬರೆದುಕೊಂಡು ಬಂದು, ಅದಕ್ಕೆ ಎಷ್ಟು ಸ್ಪ್ರಿಂಕ್ಲರ್ ಬೇಕು, ಯಾವುದನ್ನು ಎಲ್ಲಿ ನೆಡಬೇಕು ಎಂದು ವೃತ್ತ ಎಳೆಯುತ್ತಾ ಕೂರುವುದು ನನಗೆ ಅಷ್ಟು ಇಷ್ಟ. ಒಂದು ವೃತ್ತದ ಅಂಚು ಪಕ್ಕದ ವೃತ್ತದ ನಡುಬಿಂದುವನ್ನು ಸರಿಯಾಗಿ ಮುಟ್ಟಿದಾಗ ಆಗುವ ಸಂತೋಷವನ್ನು ಎಳೆದವರೇ ಬಲ್ಲರು.

ಈಚೆಗೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ 60 ಅಡಿ ಉದ್ದ, 45 ಅಡಿ ಅಗಲದ ಒಂದು ಹುಲ್ಲುಹಾಸಿಗೆ ಲೆಕ್ಕ ಹಾಕಿದೆ. ಸ್ಪ್ರಿಂಕ್ಲರ್ 15 ಅಡಿ ದೂರ ನೀರು ಚಿಮ್ಮುವಂಥದ್ದು. ನನ್ನ ಹಾಳೆಯಲ್ಲಿ ಇಪ್ಪತ್ತು ಚುಕ್ಕಿ ಕಂಡು ಮಾಲಿ ಕೇಳಿದರು: "ಒಂದೊಂದು ಸುತ್ತಲೂ ಹದಿನೈದಡಿ ಹೊಡೆಯುತ್ತಲ್ಲ ಸಾರ್, ನಾಲ್ಕೈದು ಸಾಕಾಗಲ್ವಾ?"

ಕೇಳಬೇಕಾದ ಪ್ರಶ್ನೆಯೇ ಅದು. ನೆಲದ ವಿಸ್ತೀರ್ಣ 2700 ಚದರಡಿ. 15 ಅಡಿ ತ್ರಿಜ್ಯದ ಒಂದು ವೃತ್ತ ಸುಮಾರು 707 ಚದರಡಿ. ಭಾಗಿಸಿದರೆ ನಾಲ್ಕೂ ಬರುವುದಿಲ್ಲ. ಆದರೆ ವೃತ್ತಗಳನ್ನು ಎಷ್ಟು ಒತ್ತಾಗಿ ಕೂರಿಸಿದರೂ ನಡುವೆ ಸಂದು ಉಳಿಯುತ್ತದೆ. ಸಂದು ಉಳಿಯದಷ್ಟು ಮಾತ್ರ ಒಂದರ ಮೇಲೊಂದು ಹಾಯಿಸೋಣವೆಂದರೆ, ಚೌಕದಲ್ಲಿ ನೆಡುವಾಗ ಎರಡರ ನಡುವಿನ ಅಂತರವನ್ನು 21 ಅಡಿಯವರೆಗೆ ಎಳೆಯಬಹುದು. ಆಗ ಚೌಕದ ನಡುಬಿಂದುವಿನಲ್ಲಿ ನಾಲ್ಕು ವೃತ್ತಗಳ ಅಂಚು ಬಂದು ಕೂಡುತ್ತದೆ. ಹಾಳೆಯ ಮೇಲೆ ಎಲ್ಲವೂ ಮುಚ್ಚಿದಂತೆ ಕಾಣುತ್ತದೆ. ನೆಲದ ಮೇಲೆ ಮಾತ್ರ ಆ ಜಾಗದ ಹುಲ್ಲು ಒಣಗುತ್ತದೆ.

ಕಾರಣ ಇಷ್ಟೇ: ಸ್ಪ್ರಿಂಕ್ಲರ್ ತನ್ನ ವೃತ್ತಕ್ಕೆಲ್ಲ ಒಂದೇ ಸಮನೆ ನೀರು ಕೊಡುವುದಿಲ್ಲ. ಬುಡದ ಹತ್ತಿರ ಹೆಚ್ಚು, ದೂರ ಹೋದಂತೆ ಕಡಿಮೆ, ತುದಿಯಲ್ಲಿ ಇಲ್ಲವೆನ್ನುವಷ್ಟು. ಈ ಇಳಿತ ನೇರವಾದದ್ದೆಂದು ಇಟ್ಟುಕೊಳ್ಳೋಣ: ಬುಡದಲ್ಲಿ ಒಂದು ಪಾಲು, ಅರ್ಧ ದೂರದಲ್ಲಿ ಅರ್ಧ ಪಾಲು, 15 ಅಡಿಯಲ್ಲಿ ಸೊನ್ನೆ. 21 ಅಡಿ ಅಂತರದ ಚೌಕದ ನಡುವೆ ನಾಲ್ಕೂ ಕಡೆಯಿಂದ ಬರುವುದು ಸೊನ್ನೆಯೇ. ನಾಲ್ಕು ಸೊನ್ನೆ ಕೂಡಿದರೂ ಸೊನ್ನೆ.

ಈಗ ಅಂತರವನ್ನು 15 ಅಡಿಗೆ ಇಳಿಸಿ, ಅಂದರೆ ಒಂದರ ನೀರು ಪಕ್ಕದ್ದರ ಬುಡ ಮುಟ್ಟುವಷ್ಟು. ಸ್ಪ್ರಿಂಕ್ಲರ್ ಬುಡದಲ್ಲಿ ತನ್ನದೇ ಒಂದು ಪಾಲು, ನೆರೆಯವರಿಂದ ಸೊನ್ನೆ. ಎರಡರ ನಟ್ಟನಡುವೆ ಅರ್ಧ ಮತ್ತು ಅರ್ಧ, ಕೂಡಿದರೆ ಒಂದು. ಚೌಕದ ನಡುಬಿಂದು ನಾಲ್ಕರಿಂದಲೂ ಸುಮಾರು 10.6 ಅಡಿ ದೂರ, ಒಂದೊಂದರಿಂದ 0.29 ಪಾಲು ಬಂದು ಒಟ್ಟು 1.17. ಅಂದರೆ ಇಡೀ ಹುಲ್ಲುಹಾಸು ಹೆಚ್ಚುಕಡಿಮೆ ಒಂದೇ ಹದದಲ್ಲಿ ನೆನೆಯುತ್ತದೆ. ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಹೆಚ್ಚಳ ಇಷ್ಟು ಕರಾರುವಾಕ್ಕಾಗಿ ತುಂಬುವುದನ್ನು ಎಷ್ಟು ಸಲ ಕೂಡಿ ನೋಡಿದರೂ ನನಗೆ ಬೇಸರವಿಲ್ಲ. ಇದರಲ್ಲೇ ಇನ್ನೊಂದು ಸೊಗಸೂ ಇದೆ. ಒಂದೊಂದು ಸ್ಪ್ರಿಂಕ್ಲರ್ ಪಾಲಿಗೆ ಬರುವ ನೆಲ ಚೌಕ ಮಾತ್ರ, 225 ಚದರಡಿ, ಅದು ನೀರು ಹಾಯಿಸುವುದು 707 ಚದರಡಿಗೆ. ಸರಾಸರಿ ನೋಡಿದರೆ ಪ್ರತಿ ಹುಲ್ಲುಕಡ್ಡಿಯೂ ಪೈಯಷ್ಟು, ಅಂದರೆ 3.14 ಸ್ಪ್ರಿಂಕ್ಲರ್‌ಗಳಿಂದ ನೆನೆಯುತ್ತದೆ.

ಇನ್ನು ಎಣಿಕೆ. 60 ಅಡಿಯಲ್ಲಿ 15 ಅಡಿಯ ನಾಲ್ಕು ಅಂತರ, ಆದ್ದರಿಂದ ಐದು ಸ್ಪ್ರಿಂಕ್ಲರ್. 45 ಅಡಿಯಲ್ಲಿ ಮೂರು ಅಂತರ, ಆದ್ದರಿಂದ ನಾಲ್ಕು ಸಾಲು. ಐದು ನಾಲ್ಕಲಿ ಇಪ್ಪತ್ತು. ಇವೆಲ್ಲ ಪೂರ್ತಿ ವೃತ್ತ ಸುತ್ತುವುದಿಲ್ಲ. ಮೂಲೆಯ ನಾಲ್ಕು ಕಾಲು ವೃತ್ತದವು, ಅಂಚಿನ ಹತ್ತು ಅರ್ಧ ವೃತ್ತದವು, ಒಳಗಿನ ಆರು ಮಾತ್ರ ಪೂರ್ಣ ವೃತ್ತದವು. ನೀರಿನ ಲೆಕ್ಕದಲ್ಲಿ ನಾಲ್ಕು ಕಾಲು ಸೇರಿ ಒಂದು, ಹತ್ತು ಅರ್ಧ ಸೇರಿ ಐದು, ಜೊತೆಗೆ ಆರು, ಒಟ್ಟು ಹನ್ನೆರಡು ಪೂರ್ಣ ವೃತ್ತ. 2700ನ್ನು 225ರಿಂದ ಭಾಗಿಸಿದರೂ ಹನ್ನೆರಡೇ. ಎರಡು ದಾರಿಯಲ್ಲಿ ಹೋದರೂ ಒಂದೇ ಉತ್ತರ ಬಂದರೆ ಎಣಿಕೆ ಸರಿಯೆಂದು ತಿಳಿಯಬಹುದು. ನಾಝಲ್ ಕೊಳ್ಳುವಾಗ ಕಾಲು ವೃತ್ತದ್ದು ಕಾಲು ಭಾಗ ನೀರನ್ನೂ ಅರ್ಧ ವೃತ್ತದ್ದು ಅರ್ಧ ಭಾಗವನ್ನೂ ಕೊಡುವಂಥದ್ದೇ ಆಗಿರಬೇಕು. ಎಲ್ಲವೂ ಒಂದೇ ಪ್ರಮಾಣದಲ್ಲಿ ಸುರಿಸಿದರೆ ಮೂಲೆಗಳಲ್ಲಿ ಕೆಸರಾಗುತ್ತದೆ.

ಉದ್ದ 15ರ ಮಗ್ಗಿಯಲ್ಲಿ ಬರದೆ 50 ಅಡಿ ಇದ್ದರೆ? ಮೂರು ಅಂತರ ಮಾಡಿದರೆ ಒಂದೊಂದು 16.7 ಅಡಿಯಾಗುತ್ತದೆ, ನಾಲ್ಕು ಮಾಡಿದರೆ 12.5. ನಾನು ಯಾವಾಗಲೂ ನಾಲ್ಕನ್ನೇ ಆರಿಸುತ್ತೇನೆ. ಇಂಥ ನಾಝಲ್‌ಗಳ ನೆತ್ತಿಯ ಮೇಲಿರುವ ತಿರುಪನ್ನು ಬಿಗಿ ಮಾಡಿ ಚಿಮ್ಮುವ ದೂರದಲ್ಲಿ ಕಾಲು ಭಾಗದವರೆಗೂ ಕಡಿಮೆ ಮಾಡಬಹುದು, ಇಲ್ಲದ ದೂರವನ್ನು ಎಳೆದು ತರುವುದು ಸಾಧ್ಯವಿಲ್ಲ. ಆಷಾಢದ ಗಾಳಿ ಬೀಸುವ ಬಯಲಿನಲ್ಲಿ ಅಂತರ ಇನ್ನೂ ಕಡಿಮೆಯಿರಬೇಕು. ಸಂದಿಗೆ ಚುಕ್ಕಿ ಇಟ್ಟ ರಂಗೋಲಿಯಂತೆ ತ್ರಿಕೋನದಲ್ಲಿ ನೆಟ್ಟರೆ ಅಂತರವನ್ನು ತುಸು ಹೆಚ್ಚಿಸಬಹುದು. ದೊಡ್ಡ ಮೈದಾನಕ್ಕೆ ಅದು ಒಳ್ಳೆಯದು. ಆದರೆ ನೇರ ಅಂಚಿನ ಸಣ್ಣ ಹುಲ್ಲುಹಾಸಿನಲ್ಲಿ ಸಾಲು ಬಿಟ್ಟು ಸಾಲಿನ ತುದಿ ಬರಿದಾಗುತ್ತದೆ. ಅಲ್ಲಿ ಚೌಕವೇ ಸರಿ.

ಎಣಿಕೆ ಮುಗಿದ ಮೇಲೆ ನೀರು ಎಲ್ಲಿಂದ ಎಂಬ ಪ್ರಶ್ನೆ ಬರುತ್ತದೆ. ಈ ಬಗೆಯ ಪೂರ್ಣ ವೃತ್ತದ ನಾಝಲ್ ನಿಮಿಷಕ್ಕೆ ಸುಮಾರು 14 ಲೀಟರ್ ಕುಡಿಯುತ್ತದೆ, ಅದೂ 21 ಮೀಟರ್ ಎತ್ತರದ ನೀರಿನಷ್ಟು ಒತ್ತಡವಿದ್ದರೆ. ತಾರಸಿಯ ಟ್ಯಾಂಕಿನಿಂದ ಆಗುವ ಕೆಲಸವಲ್ಲ, ಪಂಪು ಬೇಕು. ಒತ್ತಡ ಸಾಲದಿದ್ದರೆ ನೀರು ದೂರ ಹೋಗದೆ ಉಂಗುರದಂತೆ ಬಿದ್ದು ಒಳಗೆ ಒಣಗಿರುತ್ತದೆ, ಅತಿಯಾದರೆ ಮಂಜಾಗಿ ಗಾಳಿಯ ಪಾಲಾಗುತ್ತದೆ. ಹನ್ನೆರಡು ಪೂರ್ಣ ವೃತ್ತಕ್ಕೆ ನಿಮಿಷಕ್ಕೆ 168 ಲೀಟರ್ ಬೇಕು. ಸಣ್ಣ ಪಂಪಿಗೆ ಅದು ಭಾರ. ಆದರೆ ಸಾಲುಗಳನ್ನು ನೋಡಿ: ಹೊರಗಿನ ಒಂದೊಂದು ಸಾಲು ಎರಡು ಪೂರ್ಣ ವೃತ್ತಕ್ಕೆ ಸಮ, ಒಳಗಿನ ಒಂದೊಂದು ನಾಲ್ಕಕ್ಕೆ ಸಮ. ಹೊರಗಿನ ಎರಡಕ್ಕೂ ಸೇರಿ ಒಂದು ವಾಲ್ವ್, ಒಳಗಿನ ಎರಡಕ್ಕೆ ಒಂದೊಂದು. ಮೂರು ವಾಲ್ವ್‌ಗೂ ಸರಿಸಮ 56 ಲೀಟರ್. ಈ ಹಂಚಿಕೆ ಹಾಳೆಯ ಮೇಲೆ ಮೂಡಿದಾಗ ಮಾಲಿಯವರೂ ಬೆರಳಿಟ್ಟು ಎಣಿಸಿ, "ಹಂಗಾದ್ರೆ ಇಪ್ಪತ್ತೇ ಇರಲಿ ಬಿಡಿ ಸಾರ್" ಎಂದರು.

ನಾಝಲ್ ಉಳಿಸಿದವರು ಅದನ್ನು ನೀರಿನಲ್ಲಿ ತೆರುತ್ತಾರೆ. ಕಡಿಮೆ ನೆನೆಯುವ ಜಾಗಕ್ಕೆ ಸರಾಸರಿಯ ಅರ್ಧವೇ ಬೀಳುತ್ತಿದ್ದರೆ, ಅದನ್ನು ಹಸಿರಾಗಿಡಲು ಇಡೀ ಹುಲ್ಲುಹಾಸಿಗೆ ಎರಡರಷ್ಟು ಹೊತ್ತು ನೀರು ಬಿಡಬೇಕಾಗುತ್ತದೆ. ಜೆ. ಇ. ಕ್ರಿಶ್ಚಿಯನ್‌ಸನ್ ಕ್ಯಾಲಿಫೋರ್ನಿಯಾದಲ್ಲಿ ಡಬ್ಬಿಗಳಲ್ಲಿ ನೀರು ಹಿಡಿದು ಈ ಸಮತೆಯನ್ನು ಅಳೆಯುವ ಸೂತ್ರ ಕೊಟ್ಟದ್ದು 1942ರಲ್ಲಿ. ಮನೆಯಲ್ಲಿ ಅಷ್ಟು ಗಣಿತ ಬೇಡ. ಪೈಪಿಗೆ ಮಣ್ಣು ಮುಚ್ಚುವ ಮೊದಲು, ಗಾಳಿಯಿಲ್ಲದ ಬೆಳಗಿನ ಜಾವ, ನೆಟ್ಟಗಿನ ಅಂಚಿನ ಒಂದೇ ಬಗೆಯ 24 ಲೋಟಗಳನ್ನು ಸಮ ಅಂತರದಲ್ಲಿ ಇಟ್ಟು, ಮೂರು ವಾಲ್ವ್‌ಗಳನ್ನೂ ಒಂದಾದ ಮೇಲೊಂದು ಕಾಲು ಗಂಟೆ ಬಿಡಿ. ಸರಾಸರಿ ಸುಮಾರು 10 ಮಿಲಿಮೀಟರ್ ಬರಬೇಕು. ಅತಿ ಕಡಿಮೆ ತುಂಬಿದ ಆರು ಲೋಟಗಳ ಸರಾಸರಿ 7ಕ್ಕಿಂತ ಕೆಳಗಿದ್ದರೆ, ಮಣ್ಣು ಮುಚ್ಚಬೇಡಿ. ಮೊದಲು ಒತ್ತಡ ನೋಡಿ, ಆಮೇಲೆ ಅಂತರ ಅಳೆಯಿರಿ.